ಹಳೆಯ ಸಹೋದ್ಯೋಗಿಗೊಂದು ಶಿಫಾರಸು ಪತ್ರ: ಏನು ಬರೆಯಬೇಕು, ಎಷ್ಟು ಬರೆಯಬೇಕು

ಕೆಲಸ ಬಿಡುವವರ ಕೈಗೆ ಕಂಪನಿ ಕೊಡುವ ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯನ್ಸ್ ಲೆಟರ್‌ಗಳಲ್ಲಿ ಸೇರಿದ ತಾರೀಖು, ಬಿಟ್ಟ ತಾರೀಖು, ಹುದ್ದೆ ಇರುತ್ತವೆ. ಹೆಚ್ಚೆಂದರೆ ನಡತೆ ತೃಪ್ತಿಕರವಾಗಿತ್ತು ಎಂಬ ಒಂದು ಸಾಲು. ಆ ವ್ಯಕ್ತಿ ಕೆಲಸವನ್ನು ಹೇಗೆ ಮಾಡುತ್ತಿದ್ದರು, ತೊಂದರೆ ಬಂದಾಗ ಏನು ಮಾಡಿದರು ಎಂಬುದನ್ನು ಹೇಳಬಲ್ಲವರು ಅವರ ಜೊತೆ ದುಡಿದವರು ಮಾತ್ರ. ಹಾಗಾಗಿಯೇ ಶಿಫಾರಸು ಪತ್ರಕ್ಕೆ ಬೆಲೆ. ಆದರೆ ನಮ್ಮಲ್ಲಿ ಬಹುಪಾಲು ಪತ್ರಗಳು ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ಹಾಗಿರುತ್ತವೆ. ಬರೆಯುವವರಿಗೆ ಮನಸ್ಸಿಲ್ಲ ಎಂದಲ್ಲ. ಪತ್ರದ ಬಗ್ಗೆ ನಾವು ನಂಬಿಕೊಂಡು ಬಂದಿರುವ ಕೆಲವು ಮಾತುಗಳೇ ಅದಕ್ಕೆ ಕಾರಣ.

ಮಾತಿಗೊಂದು ಆಧಾರ ಇರಲೆಂದು ನಾನು ಬರೆದ ಒಂದು ಪತ್ರವನ್ನೇ ಮುಂದಿಟ್ಟುಕೊಳ್ಳುತ್ತೇನೆ. ಬೆಂಗಳೂರಿನ ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗವನ್ನು ನಾನು ನೋಡಿಕೊಳ್ಳುತ್ತಿದ್ದೆ. ಡಿಪ್ಲೊಮಾ ಮುಗಿಸಿ ಬಂದ ಹೆಣ್ಣುಮಗಳೊಬ್ಬಳು ಅಲ್ಲಿ ಮೂರು ವರ್ಷ ಇನ್‌ಸ್ಪೆಕ್ಟರ್ ಆಗಿದ್ದಳು. ಕೊನೆಯ ಎರಡು ವರ್ಷ ನನ್ನ ಕೈಕೆಳಗೆ. ಆಕೆ ಬೇರೆ ಕಡೆ ಸೀನಿಯರ್ ಇನ್‌ಸ್ಪೆಕ್ಟರ್ ಹುದ್ದೆಗೆ ಅರ್ಜಿ ಹಾಕಿದಾಗ ಪತ್ರ ಕೇಳಿದಳು.

ತಪ್ಪು ಕಲ್ಪನೆ: ಹೊಗಳಿದಷ್ಟೂ ಒಳ್ಳೆಯದು

ವಾಸ್ತವ: ಪತ್ರ ಓದುವವರ ಮುಂದೆ ನಿಮ್ಮದೊಂದೇ ಇರುವುದಿಲ್ಲ. ಪ್ರತಿಯೊಂದರಲ್ಲೂ ಪ್ರಾಮಾಣಿಕ, ಶ್ರಮಜೀವಿ, ಎಲ್ಲರೊಡನೆ ಹೊಂದಿಕೊಳ್ಳುವ ಸ್ವಭಾವ ಎಂದೇ ಇರುತ್ತದೆ. ಅವೆಲ್ಲ ಸುಳ್ಳೆಂದು ಓದುಗರು ತಿಳಿಯುವುದಿಲ್ಲ. ಆದರೆ ಎಲ್ಲರ ಬಗ್ಗೆಯೂ ಅದನ್ನೇ ಹೇಳಿದಾಗ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ನೋಡಲು ಏನೂ ಸಿಗುವುದಿಲ್ಲ. ಅಮೆರಿಕದಲ್ಲಿ ತುರ್ತು ಚಿಕಿತ್ಸಾ ವಿಭಾಗಗಳಿಗೆ ಯುವ ವೈದ್ಯರನ್ನು ಆರಿಸುವವರಿಗೆ 1990ರ ದಶಕದಲ್ಲಿ ಇದೇ ತಲೆನೋವಾಗಿತ್ತು. ಬಂದ ಪತ್ರಗಳೆಲ್ಲ ಒಂದೇ ಬಗೆಯ ಹೊಗಳಿಕೆ. ಕೊನೆಗೆ ಅವರು ಒಂದು ನಿಗದಿತ ನಮೂನೆಯನ್ನೇ ತಂದರು. ಈ ಅಭ್ಯರ್ಥಿಯನ್ನು ಎಷ್ಟು ಹತ್ತಿರದಿಂದ ನೋಡಿದ್ದೀರಿ, ಜೊತೆಯವರಿಗೆ ಹೋಲಿಸಿದರೆ ಯಾವ ಸ್ಥಾನದಲ್ಲಿ ಇಡುತ್ತೀರಿ ಎಂದು ಅದು ನೇರವಾಗಿ ಕೇಳುತ್ತದೆ.

ಗುಣವಾಚಕಗಳು ಸುಲಭವಾಗಿ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ ಪರಿಶೀಲಿಸಿ 1920ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೇಹದಾರ್ಢ್ಯ, ಬುದ್ಧಿ, ನಾಯಕತ್ವ, ನಡತೆ ಇವು ಬೇರೆಬೇರೆ ಗುಣಗಳು. ಆದರೂ ಒಂದರಲ್ಲಿ ಹೆಚ್ಚು ಅಂಕ ಪಡೆದವನಿಗೆ ಉಳಿದವುಗಳಲ್ಲೂ ಹೆಚ್ಚೇ ಸಿಕ್ಕಿತ್ತು. ನಮಗೆ ಇಷ್ಟವಾದವರು ಎಲ್ಲದರಲ್ಲೂ ಒಳ್ಳೆಯವರಾಗಿ ಕಾಣುತ್ತಾರೆ. ಪೆನ್ನು ಹಿಡಿದ ಕೂಡಲೇ ಆ ಇಷ್ಟವೇ ಗುಣಗಳ ಪಟ್ಟಿಯಾಗಿ ಇಳಿಯುತ್ತದೆ. ಅದರಿಂದ ಪಾರಾಗಲು ನನಗೆ ಗೊತ್ತಿರುವ ದಾರಿ ಒಂದೇ: ಕಣ್ಣಾರೆ ಕಂಡ ಒಂದು ಘಟನೆಯನ್ನು ಆರಿಸಿಕೊಂಡು ಅದನ್ನು ಪೂರ್ತಿ ಬರೆಯುವುದು.

ಈ ಹೆಣ್ಣುಮಗಳ ವಿಷಯದಲ್ಲಿ ಅಂಥ ಘಟನೆ ಇತ್ತು. ಸಿಎನ್‌ಸಿ ಯಂತ್ರದಲ್ಲಿ ತಿರುಗಿಸಿದ ಒಂದು ಉಕ್ಕಿನ ಶಾಫ್ಟು, ಬೇರಿಂಗ್ ಕೂರುವ ಜಾಗದಲ್ಲಿ 25 ಮಿಲಿಮೀಟರ್ ವ್ಯಾಸ. ಡ್ರಾಯಿಂಗ್ ಪ್ರಕಾರ ಅದು 24.979ರಿಂದ 25.000ದ ಒಳಗೆ ಇರಬೇಕು. ನಮ್ಮಲ್ಲಿ ಪಾಸಾಗಿ ಹೋದ ಶಾಫ್ಟುಗಳು ಗ್ರಾಹಕರಿಂದ ವಾಪಸ್ ಬರತೊಡಗಿದವು. ಅಳತೆ ಕಡಿಮೆ, ಬೇರಿಂಗ್ ಸಡಿಲ. ಮೈಕ್ರೋಮೀಟರನ್ನು ಕ್ಯಾಲಿಬ್ರೇಶನ್‌ಗೆ ಕಳಿಸಿ ನೋಡಿದೆವು, ಸರಿ ಇತ್ತು. ಟೂಲ್ ಸವೆದಿದೆಯೇ ಎಂದರೆ, ಹೊರವ್ಯಾಸ ತಿರುಗಿಸುವಾಗ ಟೂಲ್ ಸವೆದರೆ ಅಳತೆ ದೊಡ್ಡದಾಗುತ್ತದೆ, ಚಿಕ್ಕದಾಗುವುದಿಲ್ಲ. ವಾಪಸ್ ಬಂದ ಪೆಟ್ಟಿಗೆಗಳ ಟ್ಯಾಗುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿದವಳು ಆಕೆ. ಹೆಚ್ಚಿನವು ರಾತ್ರಿ ಪಾಳಿಯವು.

ತಾನೇ ಕೇಳಿಕೊಂಡು ರಾತ್ರಿ ಪಾಳಿಗೆ ಹೋಗಿ ನಿಂತಳು. ಹಗಲಿನಲ್ಲಿ ಇನ್‌ಸ್ಪೆಕ್ಷನ್ ಮೇಜಿಗೆ ಹಲವು ಯಂತ್ರಗಳ ಮಾಲು ಬಂದು ಸರದಿ ಕಾಯುತ್ತಿತ್ತು, ಅಷ್ಟರಲ್ಲಿ ಶಾಫ್ಟು ತಣ್ಣಗಾಗುತ್ತಿತ್ತು. ರಾತ್ರಿ ಯಂತ್ರಗಳು ಕಡಿಮೆ. ಆಪರೇಟರ್ ಬಿಚ್ಚಿಕೊಟ್ಟ ಶಾಫ್ಟನ್ನು ಅಲ್ಲೇ, ಬಿಸಿ ಬಿಸಿಯಾಗಿಯೇ ಅಳೆಯುತ್ತಿದ್ದರು. ಆಕೆ ಅವೇ ಶಾಫ್ಟುಗಳ ಮೇಲೆ ಮಾರ್ಕರ್‌ನಲ್ಲಿ ನಂಬರ್ ಬರೆದು, ಬಿಸಿಯಲ್ಲೊಮ್ಮೆ, ತಣ್ಣಗಾದ ಮೇಲೆ ಇನ್ನೊಮ್ಮೆ ಅಳೆದು ಪಟ್ಟಿ ಮಾಡಿದಳು. ಬಿಸಿಯಲ್ಲಿ 24.983 ತೋರಿಸಿ ಪಾಸಾದದ್ದು ಬೆಳಗಿನ ಹೊತ್ತಿಗೆ 24.977. ಉಕ್ಕು ಇಪ್ಪತ್ತು ಡಿಗ್ರಿ ತಣ್ಣಗಾದರೆ ಆ ಗಾತ್ರದಲ್ಲಿ ಸುಮಾರು ಆರು ಮೈಕ್ರಾನ್ ಕುಗ್ಗುತ್ತದೆ. ಲೆಕ್ಕ ಪುಸ್ತಕದಲ್ಲಿ ಇರುವಂಥದ್ದೇ. ಆದರೆ ಅದನ್ನು ನಮ್ಮ ಶಾಫ್ಟಿನ ಮೇಲೆ ತೋರಿಸಿಕೊಟ್ಟವಳು ಆಕೆ.

ಪತ್ರದಲ್ಲಿ ಇದು ಐದಾರು ಸಾಲಿನಲ್ಲಿ ಹೋಯಿತು. ಪತ್ರ ಇಂಗ್ಲಿಷಿನಲ್ಲಿತ್ತು, ತಿರುಳು ಇಷ್ಟು: “ಗ್ರಾಹಕರಿಂದ ಅಳತೆ ಕಡಿಮೆಯೆಂದು ಮಾಲು ವಾಪಸ್ ಬಂದಾಗ ದೋಷ ಒಂದು ಪಾಳಿಗೆ ಸೀಮಿತವೆಂದು ಮೊದಲು ಗುರುತಿಸಿದ್ದು ಇವರು. ಯಾರೂ ಹೇಳದೆ ಆ ಪಾಳಿಗೆ ಹೋಗಿ, ಬಿಸಿಯಿದ್ದಾಗ ಮತ್ತು ತಣ್ಣಗಾದ ಮೇಲೆ ಅವೇ ಶಾಫ್ಟುಗಳನ್ನು ಅಳೆದು ಕಾರಣವನ್ನು ಅಂಕಿಗಳಲ್ಲಿ ತೋರಿಸಿದರು. ತಣ್ಣಗಾಗಲು ಸ್ಟ್ಯಾಂಡ್ ಮಾಡಿಸಿ, ಅರ್ಧ ಗಂಟೆ ಕಾದು ಅಳೆಯುವ ಕ್ರಮ ತಂದಿದ್ದು ಪ್ರೊಡಕ್ಷನ್ ಸೂಪರ್‌ವೈಸರ್. ಕಾರಣ ಹುಡುಕಿದ್ದು ಇವರೇ.” ಕೊನೆಯ ಎರಡು ವಾಕ್ಯಗಳನ್ನು ಕೆಲವರು ಬಿಟ್ಟುಬಿಡುತ್ತಿದ್ದರು. ನನಗೆ ಅವೇ ಮುಖ್ಯ. ಯಾವ ಪಾಲು ಆಕೆಯದು, ಯಾವುದು ಬೇರೆಯವರದು ಎಂದು ಬಿಡಿಸಿ ಹೇಳಿದಾಗ ಉಳಿದ ಮಾತಿಗೂ ಬಲ ಬರುತ್ತದೆ. ಇಂಟರ್‌ವ್ಯೂನಲ್ಲಿ ಇದೇ ಘಟನೆ ಕೇಳಿದರೆ ಆಕೆಯ ಉತ್ತರಕ್ಕೂ ಪತ್ರಕ್ಕೂ ತಾಳೆಯಾಗುತ್ತದೆ. ಗ್ರಾಹಕರ ಹೆಸರು, ಡ್ರಾಯಿಂಗ್ ನಂಬರ್, ವಾಪಸ್ ಬಂದ ಮಾಲಿನ ಲೆಕ್ಕ, ಇವು ಯಾವುವೂ ಪತ್ರದಲ್ಲಿರಲಿಲ್ಲ. ಅವು ಕಂಪನಿಯ ಗುಟ್ಟು, ಓದುವವರಿಗೆ ಬೇಕಾಗಿಯೂ ಇಲ್ಲ.

ಹೆಣ್ಣುಮಕ್ಕಳ ಬಗ್ಗೆ ಬರೆಯುವಾಗ ಇನ್ನೊಂದು ಎಚ್ಚರ ಬೇಕು. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಎಂಬಿಬ್ಬರು ಅಮೆರಿಕದ ಒಂದು ವೈದ್ಯಕೀಯ ಕಾಲೇಜಿನ ಅಧ್ಯಾಪಕ ಹುದ್ದೆಗಳಿಗೆ ಬಂದ ಮುನ್ನೂರಕ್ಕೂ ಹೆಚ್ಚು ಪತ್ರಗಳನ್ನು ಓದಿ 2003ರಲ್ಲಿ ಅಧ್ಯಯನ ಪ್ರಕಟಿಸಿದರು. ಮಹಿಳೆಯರ ಪತ್ರಗಳು ಸರಾಸರಿ ಚಿಕ್ಕವು. ಅವುಗಳಲ್ಲಿ ಕಷ್ಟಪಟ್ಟು ದುಡಿಯುವವರು ಎಂಬ ಬಗೆಯ ಮಾತುಗಳು ಹೆಚ್ಚು, ಓದುಗರಲ್ಲಿ ಅನುಮಾನ ಹುಟ್ಟಿಸುವ ಮಾತುಗಳೂ ಹೆಚ್ಚು. ನಮ್ಮಲ್ಲೂ ಹುಡುಗನಿಗೆ ಸಮಸ್ಯೆ ಬಿಡಿಸಬಲ್ಲ ಎಂದು ಬರೆಯುವ ಕೈ, ಅದೇ ಕೆಲಸ ಮಾಡಿದ ಹುಡುಗಿಗೆ ಶ್ರದ್ಧೆಯವಳು, ಸೌಮ್ಯಳು ಎಂದು ಬರೆಯುತ್ತದೆ. ಬರೆದು ಮುಗಿಸಿದ ಮೇಲೆ ಅದೇ ಪತ್ರಕ್ಕೆ ಗಂಡಿನ ಹೆಸರು ಹಾಕಿ ಒಮ್ಮೆ ಓದಿ ನೋಡಿ. ಎಲ್ಲಿ ಮಾತು ವಿಚಿತ್ರವಾಗಿ ಕೇಳಿಸುತ್ತದೋ ಅಲ್ಲಿ ತಿದ್ದಬೇಕು.

ತಪ್ಪು ಕಲ್ಪನೆ: ದೊಡ್ಡ ಹುದ್ದೆಯವರು ಸಹಿ ಹಾಕಿದರೆ ತೂಕ ಹೆಚ್ಚು

ವಾಸ್ತವ: ಪ್ಲಾಂಟ್ ಹೆಡ್ ಆ ಹುಡುಗಿಯನ್ನು ಗೇಟಿನ ಬಳಿ ನೋಡಿ ನಕ್ಕಿರಬಹುದು, ಆಕೆ ಅಳತೆ ಮಾಡುವುದನ್ನು ನೋಡಿರಲಿಕ್ಕಿಲ್ಲ. ನೋಡದವರು ಬರೆದ ಪತ್ರ ಸಾಮಾನ್ಯ ಮಾತುಗಳಿಂದ ತುಂಬುವುದು ಅನಿವಾರ್ಯ, ಅನುಭವಿ ಓದುಗರಿಗೆ ಅದು ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಪಕ್ಕದ ಮೇಜಿನಲ್ಲಿ ಕೂತು ಕೆಲಸ ಮಾಡಿದ ಸಮಾನ ಹುದ್ದೆಯವರ ಪತ್ರ ಇದಕ್ಕಿಂತ ಮೇಲು. ಬರೆಯುವವರು ಮೊದಲ ಪ್ಯಾರಾದಲ್ಲೇ ತಾವು ಯಾರು, ಎಷ್ಟು ಕಾಲ, ಯಾವ ಸಂಬಂಧದಲ್ಲಿ ಆ ವ್ಯಕ್ತಿಯ ಕೆಲಸ ನೋಡಿದ್ದು, ವಾರಕ್ಕೊಮ್ಮೆಯೋ ದಿನವೂ ನೋಡಿದ್ದೋ ಎಂದು ಹೇಳಿಬಿಡಬೇಕು. ಇಷ್ಟು ಹೇಳಿದರೆ ಮುಂದಿನ ಮಾತುಗಳಿಗೆ ಎಷ್ಟು ಬೆಲೆ ಕೊಡಬೇಕೆಂದು ಓದುಗರು ತಾವೇ ನಿರ್ಧರಿಸುತ್ತಾರೆ.

ಲೆಟರ್‌ಹೆಡ್ ವಿಷಯವೂ ಇಲ್ಲೇ ಬರುತ್ತದೆ. ಬಹಳ ಕಂಪನಿಗಳಲ್ಲಿ ಎಚ್‌ಆರ್ ಬಿಟ್ಟು ಬೇರೆಯವರು ಕಂಪನಿಯ ಹೆಸರಿನಲ್ಲಿ ಪತ್ರ ಕೊಡುವಂತಿಲ್ಲ. ಕೇಳಿ ತಿಳಿದುಕೊಂಡು, ಅಗತ್ಯವಿದ್ದರೆ ಬಿಳಿ ಹಾಳೆಯ ಮೇಲೆ, ಇದು ನನ್ನ ವೈಯಕ್ತಿಕ ಅಭಿಪ್ರಾಯ ಎಂದು ಬರೆದುಕೊಡಿ. ಅದರಿಂದ ಪತ್ರದ ಬೆಲೆ ಕಡಿಮೆಯಾಗುವುದಿಲ್ಲ.

ತಪ್ಪು ಕಲ್ಪನೆ: ಕೊರತೆಯ ಮಾತು ಬಂದರೆ ಕೆಲಸ ಕೈತಪ್ಪುತ್ತದೆ

ವಾಸ್ತವ: ಯಾವ ಬಗೆಯ ಕೊರತೆ, ಅದನ್ನು ಹೇಗೆ ಹೇಳಿದಿರಿ ಎಂಬುದರ ಮೇಲೆ ಅದು ನಿಂತಿದೆ. ಕೆಡುಕು ಮಾಡುವುದು ಮಸುಕಾದ ಮಾತು. “ಸರಿಯಾದ ಮಾರ್ಗದರ್ಶನ ಸಿಕ್ಕರೆ ಚೆನ್ನಾಗಿ ಮಾಡಬಲ್ಲಳು” ಎಂದು ಬರೆದರೆ ಮಾರ್ಗದರ್ಶನವಿಲ್ಲದೆ ಮಾಡಲಾರಳೇ ಎಂಬ ಪ್ರಶ್ನೆ ಏಳುತ್ತದೆ. “ತನ್ನ ಮಟ್ಟಿಗೆ ಒಳ್ಳೆಯ ಕೆಲಸಗಾರ್ತಿ”, “ನನಗೆ ತಿಳಿದಂತೆ ದೂರು ಬಂದಿಲ್ಲ”, “ಮನೆಯ ತಾಪತ್ರಯಗಳಿದ್ದರೂ ಕೆಲಸ ನಿಭಾಯಿಸಿದಳು” ಇವೆಲ್ಲ ಒಳ್ಳೆಯ ಮನಸ್ಸಿನಿಂದ ಬರೆದವೇ. ಓದುಗರು ಮಾತ್ರ ಅವುಗಳ ಹಿಂದೆ ಏನೋ ಇದೆ ಎಂದುಕೊಳ್ಳುತ್ತಾರೆ. ಮನೆಯ ತಾಪತ್ರಯ, ಮದುವೆ, ಹೆರಿಗೆ, ಆರೋಗ್ಯ ಇವು ಪತ್ರಕ್ಕೆ ಸೇರಿದ ವಿಷಯಗಳೇ ಅಲ್ಲ.

ಸ್ಪಷ್ಟವಾಗಿ ಹಾಕಿದ ಎಲ್ಲೆ ಹೀಗೆ ಹಾನಿ ಮಾಡುವುದಿಲ್ಲ. ಆ ಹುಡುಗಿಯ ಪತ್ರದಲ್ಲಿ ಎರಡು ಎಲ್ಲೆಗಳಿದ್ದವು. ಒಂದು: “ಇಬ್ಬರು ಟ್ರೈನಿಗಳಿಗೆ ಕೆಲಸ ಕಲಿಸಿದ್ದಾರೆ. ಅದಕ್ಕಿಂತ ದೊಡ್ಡ ತಂಡವನ್ನು ನಡೆಸಿದ್ದನ್ನು ನಾನು ನೋಡಿಲ್ಲ, ಆ ಅವಕಾಶ ನಮ್ಮಲ್ಲಿ ಇರಲಿಲ್ಲ.” ಇದು ದೋಷವಲ್ಲ, ನನ್ನ ತಿಳಿವಳಿಕೆಯ ಗಡಿ. ಇನ್ನೊಂದು: “ಗ್ರಾಹಕರ ಆಡಿಟ್ ಬಂದಾಗ ದಾಖಲೆಗಳನ್ನು ಸಿದ್ಧಪಡಿಸುವುದರಲ್ಲಿ ಮೊದಲು ನಿಧಾನವಿದ್ದರು. ಎರಡನೇ ವರ್ಷ ದಿನದ ರಿಪೋರ್ಟನ್ನು ಅಂದಂದೇ ಮುಗಿಸುವ ರೂಢಿ ಮಾಡಿಕೊಂಡ ಮೇಲೆ ಆ ತೊಂದರೆ ಕಾಣಲಿಲ್ಲ.” ಇಲ್ಲಿ ಕೊರತೆ ಇದೆ, ಎಲ್ಲಿ ಎಂದು ಇದೆ, ಆಮೇಲೆ ಏನಾಯಿತೆಂದೂ ಇದೆ. ಕೆಲಸಕ್ಕೆ ತೆಗೆದುಕೊಳ್ಳುವವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ತಂಡ ನಡೆಸುವ ಬಗ್ಗೆ ಅವರು ಇಂಟರ್‌ವ್ಯೂನಲ್ಲಿ ಕೇಳಬಹುದು, ಮೊದಲ ಕೆಲವು ತಿಂಗಳು ಜೊತೆಗೊಬ್ಬರನ್ನು ಇಡಬಹುದು. ಆಕೆಗೂ ಒಳ್ಳೆಯದೇ. ಗೊತ್ತಿಲ್ಲದ ಕೆಲಸವನ್ನು ಗೊತ್ತಿದೆಯೆಂಬ ಭರವಸೆಯ ಮೇಲೆ ಹೊತ್ತು ಮೂರು ತಿಂಗಳಲ್ಲಿ ಪ್ರೊಬೇಶನ್‌ನಲ್ಲೇ ಸೋಲುವುದು ತಪ್ಪುತ್ತದೆ.

ಈ ಎರಡನೇ ಸಾಲನ್ನು ಸೇರಿಸುವ ಮೊದಲು ನಾನು ಆಕೆಗೆ ಓದಿ ಹೇಳಿದೆ. ಆಕೆ ಒಪ್ಪಿದಳು, ಅಷ್ಟೇ ಅಲ್ಲ, ರಿಪೋರ್ಟಿನ ರೂಢಿ ಯಾವ ಆಡಿಟ್‌ನ ನಂತರ ಶುರುವಾಯಿತೆಂದು ನೆನಪಿಸಿದಳು. ಮುಖದ ಮುಂದೆ ಹೇಳಲಾಗದ ಮಾತನ್ನು ಪತ್ರದಲ್ಲಿ ಬರೆಯಬಾರದು ಎಂಬುದು ನನ್ನ ಅಭಿಪ್ರಾಯ.

ಕೊರತೆ ಬರೆದರೆ ಕೋರ್ಟು ಕಚೇರಿ ಆಗುತ್ತದೆ ಎಂಬ ಭಯ ಕೆಲವರಿಗಿದೆ. ಬ್ರಿಟನ್ನಿನ ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್ ಪ್ರಕರಣವನ್ನು ಇಲ್ಲಿ ನೆನೆಯಬೇಕು. ಮಾಜಿ ನೌಕರನೊಬ್ಬನ ಬಗ್ಗೆ ಹಿಂದಿನ ಸಂಸ್ಥೆ ಬರೆದ ರೆಫರೆನ್ಸ್‌ನಲ್ಲಿ ಆತನ ಪ್ರಾಮಾಣಿಕತೆಯ ಮೇಲೇ ಆರೋಪವಿತ್ತು, ಹೊಸ ಕೆಲಸ ಸಿಗಲಿಲ್ಲ. ರೆಫರೆನ್ಸ್ ಕೊಡುವ ಮಾಲೀಕರು ನೌಕರನ ಬಗ್ಗೆ ತಕ್ಕ ಎಚ್ಚರ ವಹಿಸುವುದು ಅವರ ಕಾನೂನಾತ್ಮಕ ಹೊಣೆ ಎಂದು 1994ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ, ಆದರೆ ಅದರ ವಿವೇಕ ನಮಗೂ ಸಲ್ಲುತ್ತದೆ. ಅಲ್ಲಿ ತೊಡಕಾದದ್ದು ಕೊರತೆ ಬರೆದದ್ದಲ್ಲ, ಸರಿಯಾಗಿ ವಿಚಾರಿಸದೆ ಬರೆದದ್ದು. ಯಾರೋ ಹೇಳಿದ್ದು, ಕ್ಯಾಂಟೀನ್‌ನಲ್ಲಿ ಕೇಳಿದ್ದು, ಸಾಬೀತಾಗದ ಆಪಾದನೆ, ಇವು ಪತ್ರದೊಳಗೆ ಕಾಲಿಡಬಾರದು.

ತಪ್ಪು ಕಲ್ಪನೆ: “ನೀನೇ ಬರೆದು ಕಳಿಸು, ಸಹಿ ಹಾಕಿಕೊಡ್ತೀನಿ” ಎಂದರೆ ಇಬ್ಬರಿಗೂ ಅನುಕೂಲ

ವಾಸ್ತವ: ನಮ್ಮ ಕಚೇರಿಗಳಲ್ಲಿ ಇದಕ್ಕಿಂತ ರೂಢಿಯಾದ ಮಾತಿಲ್ಲ. ಇದರಿಂದ ಪತ್ರದ ಜೀವವೇ ಹೋಗುತ್ತದೆ. ತನ್ನ ಬಗ್ಗೆ ತಾನೇ ಬರೆದುಕೊಳ್ಳುವವರು ಎರಡರಲ್ಲಿ ಒಂದು ಮಾಡುತ್ತಾರೆ: ಸಂಕೋಚದಿಂದ ಸಪ್ಪೆಯಾಗಿ ಬರೆಯುತ್ತಾರೆ, ಇಲ್ಲವೇ ರೆಸ್ಯೂಮೆಯಲ್ಲಿ ಇರುವುದನ್ನೇ ಮತ್ತೊಮ್ಮೆ ಬರೆಯುತ್ತಾರೆ. ನೀವು ಹೊರಗಿನಿಂದ ಕಂಡದ್ದು ಅವರಿಗೆ ಕಾಣುವುದಿಲ್ಲ. ರಾತ್ರಿ ಪಾಳಿಗೆ ಹೋಗಿ ನಿಂತದ್ದು ಆ ಹುಡುಗಿಯ ಮಟ್ಟಿಗೆ ದೊಡ್ಡ ವಿಷಯವೇ ಆಗಿರಲಿಲ್ಲ. ಆಕೆ ಕಳಿಸಿದ ಟಿಪ್ಪಣಿಯಲ್ಲಿ ಅದರ ಸುಳಿವೂ ಇರಲಿಲ್ಲ, ತಾನು ಪಡೆದ ಟ್ರೈನಿಂಗ್ ಸರ್ಟಿಫಿಕೇಟುಗಳ ಪಟ್ಟಿ ಇತ್ತು. ಜೊತೆಗೆ ಒಬ್ಬರೇ ಮೂವರ ಸಹಿಗೆ ಬರೆದುಕೊಟ್ಟ ಪತ್ರಗಳಲ್ಲಿ ಒಂದೇ ಶೈಲಿ, ಒಂದೇ ತಪ್ಪುಗಳು ಕಂಡಾಗ ಓದುಗರಿಗೆ ಗುಟ್ಟು ಬಯಲಾಗುತ್ತದೆ.

ಕೇಳಬೇಕಾದದ್ದು ವಾಕ್ಯಗಳನ್ನಲ್ಲ, ವಿವರಗಳನ್ನು. ಯಾವ ಹುದ್ದೆಗೆ ಅರ್ಜಿ, ಅದರ ಜಾಹೀರಾತು ಇದ್ದರೆ ಕಳಿಸು. ಯಾವಾಗಿನಿಂದ ಯಾವಾಗಿನವರೆಗೆ ಯಾವ ವಿಭಾಗದಲ್ಲಿದ್ದೆ. ನಾವಿಬ್ಬರೂ ಸೇರಿ ಮಾಡಿದ ಕೆಲಸಗಳಲ್ಲಿ ನಿನಗೆ ನೆನಪಿರುವ ಎರಡು ಮೂರು ಯಾವುವು. ಪತ್ರ ಯಾವ ದಿನದೊಳಗೆ ಬೇಕು, ಯಾರಿಗೆ ಹೋಗಬೇಕು. ಇಷ್ಟು ಬಂದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅಂಕಿಗಳ ಬಗ್ಗೆ ಅನುಮಾನವಿದ್ದರೆ ಅವನ್ನು ಬಿಟ್ಟು ಘಟನೆಯನ್ನಷ್ಟೇ ಬರೆಯುವುದು ಲೇಸು. ರಿಜೆಕ್ಷನ್ ಇಷ್ಟು ಶೇಕಡಾ ಇಳಿಯಿತು ಎಂದು ಊಹೆಯ ಮೇಲೆ ಬರೆದ ಒಂದು ಸಂಖ್ಯೆಗೆ, “ಹೇಗೆ ಲೆಕ್ಕ ಹಾಕಿದಿರಿ” ಎಂಬ ಒಂದು ಪ್ರಶ್ನೆ ಬಂದರೆ ಇಡೀ ಪತ್ರ ಅಲುಗಾಡುತ್ತದೆ.

ತಪ್ಪು ಕಲ್ಪನೆ: ಕೇಳಿದ ಮೇಲೆ ಆಗುವುದಿಲ್ಲ ಎನ್ನಬಾರದು

ವಾಸ್ತವ: ಅನ್ನಬಹುದು, ಕೆಲವೊಮ್ಮೆ ಅನ್ನಲೇಬೇಕು. ಅರೆಮನಸ್ಸಿನ ನಾಲ್ಕು ಸಾಲು ಕೊಡುವುದಕ್ಕಿಂತ ಬೇರೆಯವರನ್ನು ಕೇಳಲು ಹೇಳುವುದು ಕೇಳಿದವರಿಗೇ ಹಿತ, ಏಕೆಂದರೆ ಸಮಯವಿರುವಾಗಲೇ ಅವರು ಬೇರೆ ದಾರಿ ನೋಡಿಕೊಳ್ಳಬಹುದು. ಹೆಚ್ಚು ನೋಡಿಲ್ಲ ಎಂಬುದು ಕಾರಣವಾದರೆ ಮಾತು ಸುಲಭ: “ನಿಮ್ಮ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಕಡಿಮೆ ಕಣ್ರೀ. ನಿಮ್ಮ ಲೈನ್‌ನ ಸೂಪರ್‌ವೈಸರ್ ಬರೆದರೆ ಇದಕ್ಕಿಂತ ಚೆನ್ನಾಗಿರುತ್ತೆ.” ಕೆಲಸ ಸರಿ ಇರಲಿಲ್ಲ ಎಂಬುದು ಕಾರಣವಾದರೆ ಕಷ್ಟವೇ. ಆಗಲೂ “ಈ ಹುದ್ದೆಗೆ ನಾನು ಮನಸಾರೆ ಬರೆಯಲಾರೆ” ಎಂದು ಹೇಳಬಹುದು. ಕಾರಣ ಕೇಳಿದರೆ ಹೇಳಲು ಸಿದ್ಧರಿರಬೇಕು. ಬರೆದುಕೊಡುತ್ತೇನೆ ಎಂದು ಒಪ್ಪಿಕೊಂಡು, ಮುಂದೂಡುತ್ತಾ, ಕೊನೆಯ ದಿನ ಫೋನ್ ಎತ್ತದಿರುವುದು ಮಾತ್ರ ಅನ್ಯಾಯ.

ತಪ್ಪು ಕಲ್ಪನೆ: ಬರೆದುಕೊಟ್ಟರೆ ಅಲ್ಲಿಗೆ ಮುಗಿಯಿತು

ವಾಸ್ತವ: ಪತ್ರ ಇಂದಿನ ಒಬ್ಬ ಮಾಲೀಕರಿಗಷ್ಟೇ ಹೋಗುವುದಿಲ್ಲ. ಅದೇ ಪ್ರತಿ ಎರಡು ವರ್ಷದ ನಂತರ ಪುಣೆಯಲ್ಲೋ ಚೆನ್ನೈಯಲ್ಲೋ ಇನ್ನೊಬ್ಬರ ಮೇಜಿಗೆ ಬರುತ್ತದೆ. ನಮ್ಮ ಕಾರ್ಖಾನೆಯೊಳಗಿನ ಹೆಸರುಗಳು ಅವರಿಗೆ ಗೊತ್ತಿಲ್ಲ. “ಸೆಲ್ ಮೂರರಲ್ಲಿ” ಎಂದರೆ ಅವರಿಗೆ ಏನೂ ತಿಳಿಯದು, “ಸಿಎನ್‌ಸಿ ಟರ್ನಿಂಗ್ ಯಂತ್ರಗಳ ವಿಭಾಗದಲ್ಲಿ” ಎಂದರೆ ತಿಳಿಯುತ್ತದೆ. “ಈಗ”, “ಇತ್ತೀಚೆಗೆ”, “ಕಳೆದ ವರ್ಷ” ಎಂಬ ಮಾತುಗಳ ಜಾಗದಲ್ಲಿ ಇಸವಿ ಹಾಕಬೇಕು, ಪತ್ರಕ್ಕೆ ತಾರೀಖು ಇರಲೇಬೇಕು. ಆಕೆ ಕಲಿಯುತ್ತಿದ್ದ ಕೆಲಸದ ಬಗ್ಗೆ ನಾಲ್ಕು ವರ್ಷ ಬಿಟ್ಟು ಓದುವವರು, ಆಮೇಲೆ ಕಲಿತಿರಬಹುದು ಎಂದು ಅಂದಾಜು ಮಾಡಲು ಅದೊಂದೇ ಆಧಾರ.

ಲಿಂಕ್ಡ್‌ಇನ್‌ನಲ್ಲಿ ಬರೆಯುವಾಗ ಇದು ಇನ್ನೂ ಮುಖ್ಯ. ಅಲ್ಲಿ ನೀವು ಯಾವ ಸಂಬಂಧದಲ್ಲಿ ಕೆಲಸ ಮಾಡಿದಿರಿ ಎಂದು ಆರಿಸಬೇಕು, ಅದು ಬರಹದ ಜೊತೆಗೇ ಕಾಣುತ್ತದೆ. ಬರೆದದ್ದನ್ನು ಅವರು ಒಪ್ಪಿದ ಮೇಲೆಯೇ ಅದು ಅವರ ಪ್ರೊಫೈಲ್‌ಗೆ ಸೇರುತ್ತದೆ, ತಿದ್ದಿಕೊಡಿ ಎಂದೂ ಅವರು ಕೇಳಬಹುದು. ಯಾರು ಓದುತ್ತಾರೆಂದು ನಿಮಗೆ ಗೊತ್ತಿರುವುದಿಲ್ಲವಾದ್ದರಿಂದ ಆಡಿಟ್ ದಾಖಲೆಯ ಸಾಲಿನಂಥದ್ದನ್ನು ಅಲ್ಲಿ ಹಾಕುವುದು ಸರಿಯಲ್ಲ. ಅಲ್ಲಿ ಪ್ರಾಮಾಣಿಕತೆ ಉಳಿಸಿಕೊಳ್ಳುವ ಬಗೆ ಬೇರೆ: ನೋಡಿದ್ದನ್ನು ಮಾತ್ರ ಬರೆದು, ನೋಡದ್ದರ ಬಗ್ಗೆ ಸುಮ್ಮನಿರುವುದು. ಶಾಫ್ಟಿನ ಘಟನೆಯನ್ನು ಐದು ಸಾಲಿನಲ್ಲಿ ಹೇಳಿ, ನಾಯಕತ್ವದ ಮಾತೆತ್ತದಿದ್ದರೆ ಓದುಗರು ದಾರಿ ತಪ್ಪುವುದಿಲ್ಲ.

ಪತ್ರದ ಕೊನೆಯಲ್ಲಿ ಫೋನ್ ನಂಬರ್ ಕೊಟ್ಟಿದ್ದರೆ ಕರೆ ಬರುತ್ತದೆ ಎಂದೇ ಇಟ್ಟುಕೊಳ್ಳಿ. ಪತ್ರದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ, ಮಾತಾಡುವಾಗ ಅದು ಎದುರಿಗಿರಲಿ. ಆ ಹುಡುಗಿಯ ಬಗ್ಗೆ ಕರೆ ಮಾಡಿದವರು ಹೊಗಳಿಕೆಯ ಒಂದು ಮಾತನ್ನೂ ಕೇಳಲಿಲ್ಲ. ರಾತ್ರಿ ಪಾಳಿಗೆ ಆಕೆ ತಾನಾಗಿ ಹೋದದ್ದೇ ಅಥವಾ ನೀವು ಹೇಳಿದಿರಾ, ಆ ಪಾಳಿಯ ಇನ್‌ಸ್ಪೆಕ್ಟರ್‌ಗೆ ಅದು ಕಿರಿಕಿರಿ ಆಗಲಿಲ್ಲವೇ, ಅವರಿಬ್ಬರೂ ಆಮೇಲೆ ಹೇಗಿದ್ದರು ಎಂದು ವಿಚಾರಿಸಿದರು. ತಾನಾಗಿ ಹೋದಳು. ಮೊದಲ ರಾತ್ರಿ ಅವರಿಗೆ ಬೇಸರವಾಗಿತ್ತು. ಎರಡನೇ ರಾತ್ರಿ ಅಳತೆಯ ಪಟ್ಟಿಯನ್ನು ಅವರಿಬ್ಬರೂ ಸೇರಿಯೇ ಬರೆದರು. ಅಷ್ಟನ್ನೇ ಹೇಳಿದೆ.